ಭಾನುವಾರದ ಷರತ್ತು

ಅಶ್ವತ್ಥ್ ಬಾಗಲಗುಂಟೆಯ ನಮ್ಮ ಮನೆ ಬಿಟ್ಟು ಒಂದು ವರ್ಷ ತುಂಬಿದ ಮೇಲೆ ನಾವಿಬ್ಬರೂ ದಾಸರಹಳ್ಳಿಯ ವಕೀಲೆ ತಾಹೆರಾ ಅವರ ಮುಂದೆ ಕೂತೆವು. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅಷ್ಟು ದಿನ ಬೇರೆ ಇದ್ದಿರಲೇಬೇಕಂತೆ. ಆಧಾರ್, ಮದುವೆಯ ನೋಂದಣಿ ಪತ್ರ, ಲಗ್ನಪತ್ರಿಕೆ, ಮಗಳು ಪುಟ್ಟಿಯ ಜನನ ಪ್ರಮಾಣಪತ್ರ, ತಾಳಿ ಕಟ್ಟುವ ಫೋಟೊ ಎಲ್ಲ ಮೇಜಿನ ಮೇಲಿಟ್ಟೆ. ಫೋಟೊದಲ್ಲಿ ನಾನು ನಗುತ್ತಿದ್ದೆ. ನೋಡಿದರೂ ಏನೂ ಅನಿಸಲಿಲ್ಲ.

ತಾಹೆರಾ ಒಪ್ಪಂದದ ಕರಡು ಓದಿದರು. ಜೀವನಾಂಶ, ತವರಿನ ಒಡವೆ, ಜಂಟಿ ಖಾತೆ, ನಾನು ಹಾಕಿದ್ದ ಕೇಸು ವಾಪಸ್, ಪುಟ್ಟಿ ಯಾರ ಹತ್ತಿರ, ಅವಳ ಶಾಲೆಯ ಖರ್ಚು ಯಾರದು. ಎಲ್ಲದಕ್ಕೂ ಅವನದು ಒಂದೇ ಮಾತು, "ಆಗ್ಲಿ ಮೇಡಂ." ಮೈ ಉರಿಯಿತು. ಮದುವೆಗೂ ಈ ಮನುಷ್ಯ ಹೀಗೇ ತಲೆಯಾಡಿಸಿದ್ದು.

"ಮಗು ನೋಡೋಕೆ ಯಾವತ್ತು ಬರ್ತೀರಾ?"

"ಭಾನುವಾರ ಅಂತ ಬರೀರಿ," ಎಂದೆ ನಾನೇ. "ಬೇರೆ ದಿನ ಬಂದು ತೊಂದ್ರೆ ಕೊಡ್ಬಾರ್ದು, ಅದನ್ನೂ ಬರೀರಿ."

"ಆಗ್ಲಿ ಮೇಡಂ."

ಅರ್ಜಿ ಹಾಕಿದೆವು. ಇನ್ನು ಆರು ತಿಂಗಳು ಕಾಯಬೇಕು, ಅಷ್ಟರಲ್ಲಿ ಯಾರ ಮನಸ್ಸು ಬದಲಾದರೂ ಒಪ್ಪಿಗೆ ಹಿಂದೆ ತೆಗೆದುಕೊಳ್ಳಬಹುದು ಎಂದರು ತಾಹೆರಾ. ನನ್ನದಂತೂ ಬದಲಾಗಲಿಲ್ಲ. ಭಾನುವಾರ ಬಂದರೆ ಪುಟ್ಟಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕೂರುತ್ತಿದ್ದಳು. ಅವನು ಒಂದು ಸಲವೂ ಬರಲಿಲ್ಲ. ಫೋನ್ ಮಾಡಿ ಗೋಗರೆಯಲು ನನಗೇನು ಗ್ರಹಚಾರ?

ಒಂದು ಮಂಗಳವಾರ ಶಾಲೆಯಿಂದ ಬಂದವಳು, "ಗೇಟ್ ಎದುರು ಅಪ್ಪ ನಿಂತಿದ್ರು," ಎಂದಳು. ಸುಳ್ಳು ಹೇಳ್ತೀಯಾ ಎಂದು ಕೆನ್ನೆಗೆ ಬಾರಿಸಿದೆ. ಆಮೇಲೆ ಅವಳು ಅಪ್ಪನ ಮಾತೆತ್ತಲಿಲ್ಲ. ಬಾಗಿಲಲ್ಲಿ ಕೂರುವುದೂ ನಿಂತಿತು.

ಏಳನೇ ತಿಂಗಳು ಕುಟುಂಬ ನ್ಯಾಯಾಲಯದಲ್ಲಿ ನಿಂತೆವು. ಬಲವಂತ ಏನೂ ಇಲ್ಲ ತಾನೇ ಎಂದು ನ್ಯಾಯಾಧೀಶರು ಇಬ್ಬರನ್ನೂ ಕೇಳಿದರು. ಇಲ್ಲ ಎಂದೆವು. ಮಗುವಿನ ಭೇಟಿ ಸರಿಯಾಗಿ ನಡೆಯುತ್ತಿದೆಯೇ?

"ಒಂದ್ಸಲಾನೂ ಬಂದಿಲ್ಲ ಸರ್," ಎಂದೆ.

ಅಶ್ವತ್ಥ್ ನೆಲ ನೋಡುತ್ತಾ ಹೇಳಿದ. "ಈಗ ಹೆಬ್ಬಾಳದಲ್ಲಿ ಬಟ್ಟೆ ಅಂಗಡಿ ಕೆಲ್ಸ ಸರ್. ಭಾನುವಾರ ರಜ ಕೊಡಲ್ಲ, ಮಂಗಳವಾರಾನೇ ರಜ. ಪತ್ರದಲ್ಲಿ ಬೇರೆ ದಿನ ಬರ್ಬಾರ್ದು ಅಂತಿದೆ. ಅದಕ್ಕೆ ಸ್ಕೂಲ್ ಬಿಡೋ ಹೊತ್ತಿಗೆ ರಸ್ತೆ ಆಚೆ ನಿಂತು ನೋಡ್ಕೊಂಡು ಹೋಗ್ತಿದ್ದೆ."

"ಮೊದಲೇ ಹೇಳಬಾರದಿತ್ತೇನ್ರೀ?" ಎಂದರು ನ್ಯಾಯಾಧೀಶರು.

"ಮತ್ತೆ ಜಗಳ ಆಗುತ್ತೇನೋ ಅಂತ, ಸರ್."

ಹೊರಗೆ ಬೆಂಚಿನ ಮೇಲೆ ತಾಹೆರಾ ತಿದ್ದುಪಡಿಯ ಜಂಟಿ ಮೆಮೊ ಬರೆದರು. ಭಾನುವಾರ ಹೋಗಿ ಮಂಗಳವಾರ ಬಂತು. ಇಬ್ಬರೂ ಸಹಿ ಹಾಕಿ ಒಳಗೆ ಕೊಟ್ಟೆವು. ವಿಚ್ಛೇದನವೂ ಮಂಜೂರಾಯಿತು. ಮನಸ್ಸಿಗೆ ಏನೂ ತಟ್ಟಲಿಲ್ಲ.

ಮನೆಗೆ ಬಂದಾಗ ಪುಟ್ಟಿ ಹೋಂವರ್ಕ್ ಮಾಡುತ್ತಿದ್ದಳು. ಪಕ್ಕದಲ್ಲಿ ಕೂತು, "ಸ್ಕೂಲ್ ಹತ್ರ ಅಪ್ಪನ್ನ ನೋಡ್ದೆ ಅಂದಿದ್ದೆ ಅಲ್ವಾ ಕಂದಾ?" ಎಂದೆ.

ಅವಳ ಕೈ ತಾನಾಗಿ ಕೆನ್ನೆಗೆ ಹೋಯಿತು.

"ಇಲ್ಲಮ್ಮ," ಎಂದಳು. "ನಾನು ಯಾರನ್ನೂ ನೋಡಿಲ್ಲ."