ಹತ್ತೊಂಬತ್ತು ಸಲ ಒಂದೇ ವಾಕ್ಯ

ಅಬ್ಬಾನ ಹಿಟ್ಟು ಮೆತ್ತಿದ ಹೆಬ್ಬೆರಳು ಪರದೆಯ ಮೇಲೆ ಇಳಿಯುವ ಮೊದಲೇ ಅಂಬರೀನ್ ಫೋನ್ ಕಿತ್ತುಕೊಂಡಳು. ಅಬ್ಬಾನಿಗೆ ಬರೆಯಲು ಬರುವುದಿಲ್ಲ. ಮೈಕ್ ಒತ್ತಿ ಹೇಳಿದ್ದೆಲ್ಲ ಅಕ್ಷರವಾಗಿ ನಿಂತಿತ್ತು. ಕಳಿಸುವುದೊಂದೇ ಬಾಕಿ. ಮೊದಲ ಶಬ್ದವೇ ಬೈಗುಳ.

"ಕೊಡು ಇಲ್ಲಿ."

"ಇಲ್ಲ ಅಬ್ಬಾ."

"ಊರ ಮುಂದ ನನ್ನ ದುಕಾನಿಗೆ ಚೋರ್ ಅಂದಾನ ಅವ."

"ಚೋರ್ ಅಂದಿಲ್ಲ. ಸುಳ್ಳು ಅಂದಾನ."

"ಎರಡರಾಗ ಫರಕ್ ಏನದ?"

ಅಬ್ಬಾ ಬುರ್ಹಾನುದ್ದೀನ್ ತಮ್ಮ ಬೇಕರಿಯ ಭಟ್ಟಿಯ ಕಡೆ ತಿರುಗಿ ಬನ್ನಿನ ತಟ್ಟೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಎಳೆದರು. ಹೊರಗೆ ಸೇಡಂ ರಸ್ತೆಯಲ್ಲಿ ಒಂದು ಆಂಬುಲೆನ್ಸ್ ಕೂಗುತ್ತ ಹೋಯಿತು. ಸಾಲುಸಾಲು ಆಸ್ಪತ್ರೆಗಳಿರುವ ಈ ರಸ್ತೆಯಲ್ಲಿ ಅದಕ್ಕೆ ಯಾರೂ ತಲೆ ಎತ್ತುವುದಿಲ್ಲ.

ಅಂಬರೀನ್ ಅಬ್ಬಾನ ಮಾತುಗಳನ್ನು ಅಳಿಸಿ, ಆ ಅಪರಿಚಿತ ಅಂಗಡಿಯ ಆನ್‌ಲೈನ್ ಪುಟದಲ್ಲಿ ಬರೆದದ್ದನ್ನು ಮತ್ತೆ ಓದಿದಳು. ಹೆಸರು ಮುಕುಂದ. ಒಂದೇ ನಕ್ಷತ್ರ ಕೊಟ್ಟಿದ್ದ. 'ಇಲ್ಲಿನ ನಾನ್‌ಖಟಾಯಿ ಬಿಸ್ಕತ್ತು ಬಾಯಲ್ಲಿ ಕರಗುತ್ತದೆ ಎಂದು ಹತ್ತೊಂಬತ್ತು ಜನ ಬರೆದಿದ್ದಾರೆ. ನಂಬಿ ಬಿಸಿಲಲ್ಲಿ ಬಂದೆ. ನಾನ್‌ಖಟಾಯಿ ಮಾಡುವುದೇ ಇಲ್ಲ ಎಂದರು. ಹತ್ತೊಂಬತ್ತೂ ಒಂದೇ ದಿನ, ಒಂದೇ ವಾಕ್ಯ. ದುಡ್ಡು ಕೊಟ್ಟು ಬರೆಸಿದ ಸುಳ್ಳು. ಮೋಸಹೋಗಬೇಡಿ.' ಕೆಳಗೆ ಅರವತ್ತು ಜನ ಅದು ಉಪಯುಕ್ತ ಎಂದು ಒತ್ತಿದ್ದರು. ಊರಿನ ತಿಂಡಿಪ್ರಿಯರ ವಾಟ್ಸಾಪ್ ಗುಂಪಿನಲ್ಲಿ ಅದರ ಚಿತ್ರ ಬೆಳಿಗ್ಗೆಯಿಂದ ತಿರುಗುತ್ತಿತ್ತು.

ಅವನು ಹೇಳಿದ್ದರಲ್ಲಿ ದುಡ್ಡಿನ ಮಾತೊಂದು ಬಿಟ್ಟರೆ ಉಳಿದದ್ದೆಲ್ಲ ನಿಜ.

ಅಮ್ಮಿ ನೂರಜಹಾನ್ ತೀರಿಕೊಂಡ ನಲವತ್ತನೇ ದಿನ ಕಮಲಾಪುರದಲ್ಲಿ, ಫಾತೆಹಾ ಪ್ರಾರ್ಥನೆ ಮುಗಿದು ಊಟಕ್ಕೆ ಹಾಸಿದ್ದ ದಸ್ತರ್‌ಖಾನ್ ಮಡಿಚುವಾಗ, ಅಮ್ಮಿಯ ಅಕ್ಕ ದಿಲ್ಶಾದ್ ಖಾಲಾ ತಂಗಿಯ ನಾನ್‌ಖಟಾಯಿಯ ನೆನಪು ತೆಗೆದಿದ್ದಳು. ಖಾಲಾನ ಮಗ ದಾನಿಶ್ ಒಂದು ವಾಕ್ಯ ಬರೆದು ಎಲ್ಲರ ಫೋನಿಗೆ ಕಳಿಸಿದ. 'ನೂರಜಹಾನ್ ಅವರ ಕೈಯ ನಾನ್‌ಖಟಾಯಿ ಬಾಯಲ್ಲಿಟ್ಟರೆ ಕರಗುತ್ತದೆ.' ಓಣಿಯ ಹೆಂಗಸರೆಲ್ಲ ಅದನ್ನೇ ಅಂಗಡಿಯ ಪುಟದಲ್ಲಿ ಅಂಟಿಸಿ, ಐದೈದು ನಕ್ಷತ್ರ ಒತ್ತಿ, ದುವಾ ಮಾಡಿದಂತೆ ಮುಖಕ್ಕೆ ಕೈ ಸವರಿಕೊಂಡರು. ಅಂಬರೀನ್ ಕೂಡ ಅಲ್ಲೇ ಕೂತಿದ್ದಳು, ಅಳುತ್ತ. ಅದು ತಪ್ಪೆಂದು ಯಾರಿಗೂ ಹೊಳೆಯಲಿಲ್ಲ.

ಅಮ್ಮಿ ಹೋದ ಮೇಲೆ ಅಬ್ಬಾ ಎರಡು ಸಲ ನಾನ್‌ಖಟಾಯಿ ಮಾಡಲು ನೋಡಿದರು. ಎರಡೂ ಸಲ ತಟ್ಟೆಯ ತುಂಬ ಹರಡಿ ಒಂದೇ ಹಾಳೆಯಾಯಿತು. ಆಮೇಲೆ ಬಿಟ್ಟರು. ಆದರೆ ದಿನಾ ಸಂಜೆ ಭಟ್ಟಿ ತಣ್ಣಗಾದಾಗ, "ಓದು" ಎನ್ನುತ್ತಿದ್ದರು. ಅಂಬರೀನ್ ಹತ್ತೊಂಬತ್ತು ಸಲ ಅದೇ ವಾಕ್ಯ ಓದುತ್ತಿದ್ದಳು. ಪ್ರತಿ ಸಲ ಯಾರು ಬರೆದದ್ದೆಂದು ಹೆಸರು ಹೇಳಬೇಕಿತ್ತು.

ದಾನಿಶ್ ಫೋನ್ ಮಾಡಿದ. "ಆಪಾ, ಚಿಂತಿ ಬಿಡು. ಕಾಲೇಜಿನ ನಲವತ್ತು ಮಂದೀನ ಕೂಡಸ್ತೀನಿ. ಅವಂದು ರಿಪೋರ್ಟ್ ಹೊಡದು, ನಮಗ ಐದೈದು ಸ್ಟಾರ್. ಸಂಜಿ ಆಗೋದ್ರಾಗ ಅವ ನಾಪತ್ತೆ."

"ಹೊಡದ್ರ ಅಂವ ಅಂದದ್ದು ಖರೇ ಆಗ್ತದ. ಮನ್ಯಾಗ ಇರು, ನಾ ಬರ್ತೀನಿ. ಎಲ್ಲಾರ್ನೂ ಕರಿ."

"ಯಾಕ?"

"ಅಳಸ್ಲಿಕ್ಕ."

ಅಬ್ಬಾ ಕೇಳಿಸಿಕೊಂಡರು. ಕೈಯಲ್ಲಿದ್ದ ಬಟ್ಟೆಯಿಂದ ಒಂದೇ ಜಾಗವನ್ನು ಒರೆಸುತ್ತ ನಿಂತರು. "ಅವೂ ಹೋದ್ರ ಅಕೀದು ಏನ್ ಉಳೀತಾದ?"

"ನಮ್ಮ ಮಂದಿ ನಮ್ಮ ದುಕಾನಿಗೆ ಬರದದ್ದು ಅಬ್ಬಾ. ಬರೀಬಾರದಾಗಿತ್ತು. ಅದ ಓದಿ ಮಂದಿ ಬರ್ತಾರ. ಇಲ್ಲದ್ದು ಕೇಳ್ತಾರ."

ಅವರು ಬೆನ್ನು ತಿರುಗಿಸಿದರು.

ಕಮಲಾಪುರದಲ್ಲಿ ಬಸ್ಸಿಳಿದಾಗ ಕೆಂಪು ಬಾಳೆಗೊನೆಗಳ ಮೇಲೆ ಧೂಳು ಕೂತಿತ್ತು. ಖಾಲಾನ ಮನೆಯಲ್ಲಿ ಹೆಂಗಸರು ಗೋಡೆಗೊರಗಿ ಸಾಲಾಗಿ ಕೂತಿದ್ದರು, ನಲವತ್ತನೇ ದಿನ ಕೂತಿದ್ದ ಹಾಗೆಯೇ. ಬರೆದವರಲ್ಲದೆ ಬೇರೆ ಯಾರೂ ಅಳಿಸಲಾಗದು, ಅಂಗಡಿಯವರಿಂದಲೂ ಆಗುವುದಿಲ್ಲ ಎಂದು ಅಂಬರೀನ್ ವಿವರಿಸಿದಳು. ಒಬ್ಬೊಬ್ಬರ ಫೋನಿನಲ್ಲೂ ಅವರು ಬರೆದದ್ದನ್ನು ಹುಡುಕಿ ತೋರಿಸುತ್ತ ಹೋದಳು. ಒಬ್ಬಳು ಫೋನ್ ಬದಲಿಸಿದ್ದಳು. ದಾನಿಶ್ ಹಳೆಯ ಖಾತೆ ತೆರೆದುಕೊಟ್ಟ. ಒಬ್ಬೊಬ್ಬರಾಗಿ ಅಳಿಸಿದರು. ಕೊನೆಗೆ ದಿಲ್ಶಾದ್ ಖಾಲಾ ಒಬ್ಬಳೇ ಉಳಿದಳು.

"ನಾ ಸುಳ್ಳು ಬರದೇನೇನು? ಕರಗ್ತಿರ್ಲಿಲ್ಲೇನು?"

"ಕರಗ್ತಿತ್ತು ಖಾಲಾ."

"ಮತ್ತ?"

"ಈಗ ಅಂಗಡ್ಯಾಗ ಇಲ್ಲಲ್ಲ."

"ನನ್ನ ತಂಗೀನೂ ಇಲ್ಲ. ಹಂಗಂತ ಹೆಸರು ಅಳಸ್ತಾರೇನು? ನಿಮ್ಮವ್ವನ ಬದಲಿ ಆ ಮುಕುಂದನ ಮಗಳಾಗಿ ಹುಟ್ಟಬೇಕಿತ್ತು ನೀ."

ಖಾಲಾ ಫೋನನ್ನು ಅಂಬರೀನ್‌ಳ ಮಡಿಲಿಗೆ ಎಸೆದಳು. "ನನ್ನ ಕೈಲೆ ಆಗಂಗಿಲ್ಲ. ನೀನ ಒತ್ತು." ಅಂಬರೀನ್ ಒತ್ತಿದಳು. ಖಾಲಾ ಚಹಾ ಕುಡಿದು ಹೋಗೆಂದು ಹೇಳಲಿಲ್ಲ.

ವಾಪಸ್ ಬಸ್ಸಿನ ಕಿಟಕಿಯ ಬಳಿ ಕೂತು ಉತ್ತರ ಬರೆದಳು. ಮೊದಲು ಬರೆದದ್ದು ಉದ್ದವಾಗಿತ್ತು. 'ಬರೆಯುವ ಮೊದಲು ವಿಚಾರಿಸಬೇಕಿತ್ತು' ಎಂಬುದನ್ನು ತೆಗೆದಳು. 'ನಮ್ಮ ದುಃಖ ನಿಮಗೇನು ಗೊತ್ತು' ಎಂಬುದನ್ನೂ ತೆಗೆದಳು. ಉಳಿದದ್ದು ಇಷ್ಟು:

'ಮುಕುಂದ ಅವರೇ, ನಿಮ್ಮನ್ನು ಬಿಸಿಲಲ್ಲಿ ಬರಿಗೈಯಲ್ಲಿ ಕಳಿಸಿದ್ದಕ್ಕೆ ಕ್ಷಮಿಸಿ. ನಾನ್‌ಖಟಾಯಿ ಮಾಡುತ್ತಿದ್ದವರು ನನ್ನ ತಾಯಿ ನೂರಜಹಾನ್. ಅವರು ಈಗಿಲ್ಲ. ಆ ಹತ್ತೊಂಬತ್ತನ್ನು ಅವರ ನಲವತ್ತನೇ ದಿನ ನಮ್ಮ ಬಂಧುಬಳಗದವರು ಬರೆದಿದ್ದರು. ದುಡ್ಡು ಕೊಟ್ಟಿಲ್ಲ. ಆದರೂ ಮನೆಯವರು ಬರೆಯಬಾರದಿತ್ತು. ಇಂದು ಅವರೇ ಅಳಿಸಿದ್ದಾರೆ. ಉಳಿದವು ಗಿರಾಕಿಗಳವು. ನಾನ್‌ಖಟಾಯಿ ಈಗ ನಮ್ಮಲ್ಲಿ ಸಿಗುವುದಿಲ್ಲ. ಅಂಬರೀನ್.'

ಮೂರು ದಿನದಲ್ಲಿ ಅಂಗಡಿಯ ಅಂಕ ನಾಲ್ಕೂವರೆಯಿಂದ ನಾಲ್ಕಕ್ಕೆ ಇಳಿಯಿತು. ವಾಟ್ಸಾಪ್ ಗುಂಪಿನಲ್ಲಿ ಉತ್ತರದ ಚಿತ್ರವನ್ನು ಯಾರೂ ಹಾಕಲಿಲ್ಲ. ಆಸ್ಪತ್ರೆಯ ಕಡೆಯಿಂದ ಬರುವ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುವುದು ಗಾಜಿನಾಚೆ ಕಾಣುತ್ತಿತ್ತು. ನಾಲ್ಕನೇ ಸಂಜೆ ಅಬ್ಬಾ, ಅವಳತ್ತ ನೋಡದೆ, "ಓದು" ಎಂದರು.

"ಏನೂ ಉಳದಿಲ್ಲ ಅಬ್ಬಾ."

"ನೀ ಬರದದ್ದು."

ಅವಳು ಮುಕುಂದನ ಆರೋಪವನ್ನೂ ಅದರ ಕೆಳಗಿನ ತನ್ನ ಉತ್ತರವನ್ನೂ ಓದಿದಳು. ಅಮ್ಮಿಯ ಹೆಸರು ಬಂದಲ್ಲಿ ಅಬ್ಬಾ ತಡೆದರು. ಅದೊಂದು ಸಾಲನ್ನು ಇನ್ನೊಮ್ಮೆ ಓದಿಸಿಕೊಂಡರು. ಮರುದಿನವೂ ಅಷ್ಟೇ.

ಎಂಟನೇ ದಿನ ಮಧ್ಯಾಹ್ನ ಐವತ್ತರ ಆಸುಪಾಸಿನ ಒಬ್ಬರು ಒಳಗೆ ಬಂದು, ಏನೂ ಕೇಳದೆ ನಿಂತರು.

"ನಾ ಮುಕುಂದ್ರಿ. ಅದನ್ನ ಬರದಾಂವ."

ಅಂಬರೀನ್ ಸ್ಟೂಲ್ ಎಳೆದು ಕೊಟ್ಟಳು. ಅವರು ಕೂರಲಿಲ್ಲ.

"ನಮ್ಮ ಆಯಿ ಜಾನಕೀಬಾಯಿ ಇಲ್ಲೇ ದವಾಖಾನ್ಯಾಗ ಇದ್ಲು. ಹಲ್ಲಿಲ್ಲ. ಬಾಯಾಗ ಕರಗೂದು ಏನರ ತಾ ಅಂದಿದ್ಲು. ಅದಕ್ಕ ಅಷ್ಟು ಸಿಟ್ಟು ಬಂತು."

"ಈಗ ಹ್ಯಾಂಗ ಅದಾರ್ರಿ?"

"ಇನ್ನೇನೂ ಮಾಡಂಗಿಲ್ಲ, ಮನೀಗೆ ಕರಕೊಂಡು ಹೋಗ್ರಿ ಅಂದಾರ ಡಾಕ್ಟರು." ಅವರು ಫೋನ್ ತೆಗೆದರು. "ನಿಮ್ಮ ಉತ್ತರ ಓದಿದೆ. ನಾ ದುಡ್ಡಿನ ಮಾತು ಆಡಬಾರದಾಗಿತ್ತು. ನಂದೂ ಅಳಸಿಬಿಡ್ತೀನ್ರಿ. ನಿಮ್ಮ ಮುಂದ."

ಅವಳಿಗೆ ಒಂದು ಕ್ಷಣ ಎದೆ ಹಗುರಾಯಿತು. ಒಂದು ನಕ್ಷತ್ರ ಹೋದರೆ ಅಂಕ ಸ್ವಲ್ಪವಾದರೂ ಏರುತ್ತದೆ. ಆಮೇಲೆ ನೆನಪಾಯಿತು. "ನಿಮ್ಮದು ಹೋದ್ರ ಅದರ ಕೆಳಗ ನಾ ಬರದದ್ದೂ ಹೋಗ್ತದ್ರಿ, ನಮ್ಮ ಅಮ್ಮಿ ಹೆಸರೂ," ಎಂದಳು.

"ಹೋಗ್ಲಿ ಬಿಡ್ರಿ. ಎಲ್ಲಾ ಸಾಫ್ ಆಗ್ತದ."

ಒಳಗಿನಿಂದ ಬುರ್ಹಾನುದ್ದೀನ್ ಬಂದರು. ಮೊಣಕೈತನಕ ಹಿಟ್ಟು. ಆ ಕೈಯನ್ನೇ ಮುಕುಂದರ ಫೋನಿನ ಮೇಲೆ, ಮುಟ್ಟದೆ, ಅಡ್ಡ ಹಿಡಿದರು.

"ಬ್ಯಾಡ."