ಯಾರ ಕತ್ತಿನ ಬಣ್ಣ

ಅಂಗಡಿಯವರೆಲ್ಲ ಅವಳನ್ನು ಕಲಾವಿದೆ ಎಂದು ಕರೆಯುತ್ತಿದ್ದರು. ಹಾಡು ಬರುತ್ತಿರಲಿಲ್ಲ, ಚಿತ್ರ ಬರುತ್ತಿರಲಿಲ್ಲ. ಬರುತ್ತಿದ್ದುದು ಬಟ್ಟೆಯ ಮೇಲಿನ ಕಲೆ ತೆಗೆಯುವುದೊಂದೇ. ಆ ಹೆಸರಿಟ್ಟ ಮಾರಾಟದವನು ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು, ಹೆಸರು ಮಾತ್ರ ಉಳಿದಿತ್ತು.

ಅವಳ ಕೋಣೆ ಎರಡನೇ ಮಹಡಿಯಲ್ಲಿ, ಬಟ್ಟೆ ಹಾಕಿ ನೋಡುವ ಕೋಣೆಗಳ ಹಿಂದೆ ಇತ್ತು. ಒಂದು ಉದ್ದನೆಯ ಮೇಜು, ಒಂದು ನಲ್ಲಿ, ಒಂದು ಫ್ಯಾನು, ಕಿಟಕಿಯಿಲ್ಲದ ಗೋಡೆ. ಗಿರಾಕಿಗಳು ತಲೆಯ ಮೇಲಿಂದ ಬಟ್ಟೆ ಎಳೆದುಕೊಳ್ಳುವಾಗ ಕತ್ತಿನ ಅಂಚಿಗೆ ಲಿಪ್‌ಸ್ಟಿಕ್ ತಾಗುತ್ತಿತ್ತು, ಕಾಲರಿಗೆ ಫೌಂಡೇಶನ್ ಮೆತ್ತಿಕೊಳ್ಳುತ್ತಿತ್ತು. ಆ ಬಟ್ಟೆಗಳು ಇನ್ನೂ ಮಾರಾಟವಾಗಬೇಕಾದ ಹೊಸ ಬಟ್ಟೆಗಳು. ಒಗೆಯುವಂತಿಲ್ಲ, ಒಗೆದರೆ ಹೊಸ ಬಟ್ಟೆಯ ಗಂಜಿಯೂ ಹೊಳಪೂ ಹೋಗುತ್ತದೆ. ಕಲೆ ಮಾತ್ರ ಹೋಗಬೇಕು, ಬಟ್ಟೆಗೆ ಗೊತ್ತಾಗಬಾರದು.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳು ಹೇಳುತ್ತಿದ್ದುದು ಇಷ್ಟೆ: "ಉಜ್ಜಬೇಡಿ. ಬಿಸಿ ನೀರು ಹಾಕಬೇಡಿ. ಇಸ್ತ್ರಿ ಅಂತೂ ಮುಟ್ಟಲೇಬೇಡಿ. ಏನೂ ಮಾಡದೆ ನನ್ನ ಹತ್ರ ತಂದ್ಬಿಡಿ, ಅದೇ ದೊಡ್ಡ ಉಪಕಾರ." ಯಾರೂ ಕೇಳುತ್ತಿರಲಿಲ್ಲ. ಎಲ್ಲರೂ ಮೊದಲು ಉಜ್ಜಿ ನೋಡಿ, ಆಮೇಲೆ ಓಡಿ ಬರುತ್ತಿದ್ದರು.

ಅವಳ ತಂಗಿಯೂ ಅದೇ ಅಂಗಡಿಯಲ್ಲಿದ್ದಳು, ಮೂರನೇ ಮಹಡಿಯ ಮದುವೆ ಬಟ್ಟೆಯ ವಿಭಾಗದಲ್ಲಿ. ಹದಿನಾಲ್ಕು ವರ್ಷ ಚಿಕ್ಕವಳು. ತಾಯಿ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ; ಅಂದಿನಿಂದ ಜಡೆ ಹೆಣೆದದ್ದು, ಬೈದದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ಎಲ್ಲ ಅಕ್ಕನೇ. ತಂಗಿಗೆ ಮಾತು ಚೆನ್ನಾಗಿ ಬರುತ್ತಿತ್ತು. ಸುಮ್ಮನೆ ನೋಡಿಕೊಂಡು ಹೋಗಲು ಬಂದವರೂ ಅವಳ ಮಾತಿಗೆ ಸಿಕ್ಕಿ ಎರಡು ಜೊತೆ ಕಟ್ಟಿಸಿಕೊಂಡು ಹೋಗುತ್ತಿದ್ದರು. ದುಪಟ್ಟಾವನ್ನು ತನ್ನ ಹೆಗಲಿಗೇ ಹೊದ್ದು, ಕತ್ತಿನ ಸುತ್ತ ಒಂದು ಸುತ್ತು ತಂದು, "ನೋಡಿ, ನಿಮಗೆ ಇನ್ನೂ ಚೆನ್ನಾಗಿ ಕಾಣುತ್ತೆ" ಎಂದರೆ ಮುಗಿಯಿತು.

ನಾಲ್ಕು ವರ್ಷದ ಹಿಂದೆ ತಂಗಿಯ ಗದ್ದದ ಕೆಳಗೆ ಕಡಲೆಕಾಳಿನಷ್ಟು ಬಿಳಿ ಮಚ್ಚೆ ಕಾಣಿಸಿಕೊಂಡಿತು. ಆಮೇಲೆ ಕತ್ತಿನ ಎಡಕ್ಕೆ ಇಳಿಯಿತು, ಕಿವಿಯ ಹಿಂದಕ್ಕೂ ಹೋಯಿತು. ಅದು ಅಂಟುವುದಿಲ್ಲ, ನೋಯುವುದಿಲ್ಲ, ಹೆದರಬೇಡಿ ಎಂದರು ಡಾಕ್ಟರು. ತಂಗಿ ಹೆದರಿದ್ದು ನೋವಿಗಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ಅರ್ಧ ಗಂಟೆ ಕೂತು, ದಪ್ಪನೆಯ ಫೌಂಡೇಶನ್ ಮೆತ್ತಿ, ಮೇಲೆ ಪೌಡರು ಒತ್ತಿ ಹೊರಡುತ್ತಿದ್ದಳು. ಮಹಡಿಯ ಹೆಂಗಸರೆಲ್ಲ ಮೇಕಪ್ ಮಾಡಿಕೊಂಡೇ ಬರಬೇಕೆಂಬ ನಿಯಮವಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಸಂಜೆ ಮನೆಗೆ ಬಂದರೆ ಬಿಳಿ ಶರಟಿನ ಕಾಲರಿನಲ್ಲಿ ಕಂದು ಗೆರೆ. ಅಕ್ಕ ಅದನ್ನು ಒಗೆಯಲು ಹಾಕುವ ಮೊದಲೇ ಪಾತ್ರೆ ತೊಳೆಯುವ ದ್ರವದ ಎರಡು ಹನಿ ಹಚ್ಚಿ, ಬೆರಳ ತುದಿಯಲ್ಲಿ ತಟ್ಟಿ, ತಣ್ಣೀರಿನಲ್ಲಿ ಬಿಡಿಸುತ್ತಿದ್ದಳು. ಆ ವಿಷಯ ಅವರಿಬ್ಬರಿಗೆ ಬಿಟ್ಟರೆ ಮೂರನೆಯವರಿಗೆ ಗೊತ್ತಿರಲಿಲ್ಲ.

ಅಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತಂಗಿ ಎದೆಗೆ ಏನನ್ನೋ ಅವಚಿಕೊಂಡು ಒಳಗೆ ಬಂದಳು. ಬಾಗಿಲು ಹಾಕಿ ಮೇಜಿನ ಮೇಲೆ ಹರಡಿದಳು. ಪೀಚ್ ಬಣ್ಣದ ರೇಷ್ಮೆ ದುಪಟ್ಟಾ, ಅಂಚಿಗೆ ಕೈಕಸೂತಿ. ನಿನ್ನೆ ಒಬ್ಬ ಮದುಮಗಳು ಆರಿಸಿ, ಅಂಚು ಸರಿಮಾಡಿಸಲು ಬಿಟ್ಟುಹೋಗಿದ್ದಳು. ನಾಲ್ಕು ಗಂಟೆಗೆ ಬಂದು ಒಯ್ಯುವವಳಿದ್ದಳು.

"ಬೇರೆ ಗಿರಾಕಿಗೆ ತೋರಿಸೋಕೆ ಇದನ್ನೇ ಹೊದ್ಕೊಂಡೆ ಅಕ್ಕ. ತೆಗೆಯೋವಾಗ ತುಟಿಗೂ ತಾಗ್ತು."

ಒಂದು ಕಡೆ ಲಿಪ್‌ಸ್ಟಿಕ್ಕಿನ ಗೀರು. ಇನ್ನೊಂದು ಕಡೆ ಅಂಗೈಯಗಲ ಕಂದು ಮಬ್ಬು. ಮಬ್ಬಿನ ಅಂಚು ನೀರಿನ ಗೆರೆಯಂತೆ ಗಟ್ಟಿಯಾಗಿತ್ತು.

"ಏನ್ ಮಾಡ್ದೆ ಇದಕ್ಕೆ?"

"ಒದ್ದೆ ಟಿಶ್ಯೂನಲ್ಲಿ ಒರೆಸ್ದೆ. ಒದ್ದೆ ಕಾಣಿಸ್ತಿತ್ತು ಅಂತ ಸ್ವಲ್ಪ ಇಸ್ತ್ರಿ ಹಿಡ್ದೆ."

"ನನ್ನ ತಂಗಿ ಆಗಿ ನೀನೂ ಇಸ್ತ್ರಿ ಹಿಡಿದ್ಯಾ!" ಅಕ್ಕ ಮುಂದೆ ಬೈಯಲಿಲ್ಲ. ಬೈಯುವಷ್ಟು ಹೊತ್ತಿರಲಿಲ್ಲ.

ಮೊದಲು ದುಪಟ್ಟಾದ ಮೂಲೆಯ ಮಡಿಕೆಯಲ್ಲಿ, ಕಣ್ಣಿಗೆ ಬೀಳದ ಕಡೆ, ಸ್ಪಿರಿಟ್ ಅದ್ದಿದ ಹತ್ತಿಯನ್ನು ಒತ್ತಿ ನೋಡಿದಳು. ಹತ್ತಿ ಪೀಚ್ ಬಣ್ಣಕ್ಕೆ ತಿರುಗಿತು. ಒಂದು ಸಲವೂ ನೀರು ಕಾಣದ ಬಟ್ಟೆ, ಬಣ್ಣ ಇನ್ನೂ ಕೂತಿರಲಿಲ್ಲ. ಸ್ಪಿರಿಟ್ ಹಾಕಿದರೆ ಕಲೆಯ ಜೊತೆ ಬಟ್ಟೆಯ ಬಣ್ಣವೂ ಎದ್ದು ಬರುತ್ತದೆ. ಪಾತ್ರೆಯ ದ್ರವವನ್ನು ತಣ್ಣೀರಿನಲ್ಲಿ ತೆಳ್ಳಗೆ ಬೆರೆಸಿ ಅದೇ ಮೂಲೆಗೆ ಒತ್ತಿದಳು. ಹತ್ತಿ ಬೆಳ್ಳಗೇ ಉಳಿಯಿತು. ಆಗ ಉಸಿರು ಬಿಟ್ಟಳು.

ಚಮಚದ ಮೊಂಡು ಅಂಚಿನಿಂದ ಲಿಪ್‌ಸ್ಟಿಕ್ಕಿನ ಮೇಣವನ್ನು ಎತ್ತಿ ತೆಗೆದಳು. ಕಂದು ಮಬ್ಬಿನ ಮೇಲೆ ಟಾಲ್ಕಂ ಪೌಡರು ಉದುರಿಸಿ, ಎಣ್ಣೆ ಹೀರಿಕೊಳ್ಳಲಿ ಎಂದು ಕಾಲು ಗಂಟೆ ಬಿಟ್ಟಳು. ಪೌಡರನ್ನು ಮೆತ್ತನೆಯ ಬ್ರಶ್ಶಿನಿಂದ ಕೊಡವಿ, ದುಪಟ್ಟಾವನ್ನು ಮಗುಚಿ, ಕಲೆಯ ಮೋರೆ ಕೆಳಗೆ ಬರುವಂತೆ ಬಿಳಿ ಬಟ್ಟೆಯ ಮೇಲೆ ಹಾಸಿದಳು. ಹಿಂಬದಿಯಿಂದ ದ್ರವವನ್ನು ತಟ್ಟತೊಡಗಿದಳು, ಅಂಚಿನಿಂದ ನಡುವಿಗೆ. ಕೆಳಗಿನ ಬಟ್ಟೆಯಲ್ಲಿ ಬಣ್ಣ ಇಳಿದಾಗಲೆಲ್ಲ ಅದನ್ನು ಸರಿಸಿ ಬಿಳಿ ಜಾಗ ತರುತ್ತಿದ್ದಳು. ಲಿಪ್‌ಸ್ಟಿಕ್ ಐದಾರು ಸುತ್ತಿಗೆ ಹೋಯಿತು. ಇಸ್ತ್ರಿ ಕಂಡ ಫೌಂಡೇಶನ್ ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ತಂಗಿ ಗೋಡೆಗೊರಗಿ ಉಗುರು ಕಚ್ಚುತ್ತಿದ್ದಳು. ಬೆವರಿಗೆ ಅವಳ ಕತ್ತಿನ ಬಣ್ಣ ಅಲ್ಲಲ್ಲಿ ಬಿರುಕು ಬಿಟ್ಟಿತ್ತು.

"ಹೋಗಿ ಕತ್ತು ಸರಿ ಮಾಡ್ಕೊ" ಎಂದು ಅಕ್ಕ ಹೇಳುವಷ್ಟರಲ್ಲಿ ಬಾಗಿಲು ತೆರೆಯಿತು.

ಚಿಕ್ಕ ಯಜಮಾನಿ ಬಂದಿದ್ದರು, ಮಾಲೀಕರ ಸೊಸೆ. ಮದುವೆ ವಿಭಾಗ ಅವರದೇ ಆಡಳಿತ. ಹಿಂದೆಯೇ ಪ್ಯಾಕಿಂಗಿನ ಹೆಂಗಸು, ಅಳುಮೋರೆ ಮಾಡಿಕೊಂಡು.

"ದುಪಟ್ಟಾ ಡಬ್ಬಿಯಲ್ಲಿಲ್ಲ, ಎಲ್ಲಿ ಅಂದ್ರೆ ಇವಳಿಗೆ ಗೊತ್ತಿಲ್ವಂತೆ" ಎಂದು ಹೊರಟ ಮಾತು ಮೇಜು ಕಂಡು ನಿಂತಿತು. ಬಗ್ಗಿ ನೋಡಿದರು. ಬಿಳಿ ಬಟ್ಟೆಯ ತುಂಬ ಕಂದು ಚುಕ್ಕೆ. ತಿರುಗಿ ಪ್ಯಾಕಿಂಗಿನವಳ ಮುಖ ನೋಡಿದರು. ಅವಳೂ ಗೋಡೆಗೆ ಸುಣ್ಣ ಬಳಿದ ಹಾಗೆ ಮೇಕಪ್ ಮೆತ್ತಿಕೊಳ್ಳುವವಳೇ.

"ನೀನು ಹೊದ್ಕೊಂಡು ಕನ್ನಡಿ ನೋಡ್ಕೊಂಡ್ಯಾ? ಹಿಂದೊಂದ್ಸಲವೂ ಹೀಗೇ ಮಾಡಿದ್ದೆ."

"ಇಲ್ಲ ಮೇಡಂ, ನನ್ನ ಮಕ್ಕಳಾಣೆಗೂ ನಾನು ಮುಟ್ಟಿಲ್ಲ."

"ಮತ್ತೆ ಇದು ತಾನಾಗೇ ಬಂದು ಕೂತ್ಕೊಂಡ್ತಾ? ನಾಳೆಯಿಂದ ನೀನು ಬರೋದು ಬೇಡ."

ಅಕ್ಕ ತಂಗಿಯ ಕಡೆ ನೋಡಿದಳು. ಹೇಳು, ಹೇಳಿಬಿಡು, ಎಂದು ಕಣ್ಣಲ್ಲೇ ಕೇಳಿದಳು. ತಂಗಿ ನೆಲ ನೋಡುತ್ತಿದ್ದಳು. ಪ್ಯಾಕಿಂಗಿನವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಿಕ್ಕತೊಡಗಿದಳು. ತಂಗಿ ಆಗಲೂ ತುಟಿ ಬಿಚ್ಚಲಿಲ್ಲ.

"ಕಲಾವಿದೆ, ನಿನ್ನ ಕಣ್ಣು ತಪ್ಪೋದಿಲ್ಲ" ಎಂದರು ಚಿಕ್ಕ ಯಜಮಾನಿ. "ನೀನೇ ಹೇಳು. ಇವಳದ್ದೇ ತಾನೆ?"

"ಅಲ್ಲ ಅಮ್ಮ." ಅವಳು ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟಳು. "ಇದು ನನ್ನ ತಂಗೀದು."

ತಂಗಿ ತಲೆ ಎತ್ತಿದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಚಿಕ್ಕ ಯಜಮಾನಿಯ ಹುಬ್ಬು ಗಂಟಾದದ್ದು ಕಂಡು ಅಕ್ಕನಿಗೆ ದಿಗಿಲಾಯಿತು. ತಂಗಿಯ ಕೆಲಸ ಹೋಗುತ್ತದೆ, ಏನಾದರೂ ಹೇಳಿ ಕರುಣೆ ಹುಟ್ಟಿಸಬೇಕು ಎನ್ನಿಸಿತು. ಬಾಯಿ ತನ್ನಷ್ಟಕ್ಕೆ ಓಡಿತು.

"ಶೋಕಿಗಲ್ಲ ಅಮ್ಮ ಅವಳು ಅಷ್ಟು ಹಚ್ಚೋದು. ಕತ್ತಲ್ಲಿ ಬಿಳಿ ಮಚ್ಚೆ ಇದೆ, ಪಾಪ, ನಾಲ್ಕು ವರ್ಷದಿಂದ. ಅಂಟೋದಲ್ಲ, ಡಾಕ್ಟರೇ ಹೇಳಿದ್ದಾರೆ. ಅದನ್ನ ಮುಚ್ಚೋಕೆ ಹಚ್ಚಿದ್ದು ತಾಗಿಬಿಟ್ಟಿದೆ. ಇದೊಂದ್ಸಲ ಕ್ಷಮಿಸಿಬಿಡಿ, ಕಲೆ ನಾನು ತೆಗೀತೀನಿ."

ಚಿಕ್ಕ ಯಜಮಾನಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಮೇಜಿನ ಮೇಲಿಟ್ಟಿದ್ದ ಕೈಯನ್ನು ಎತ್ತಿಕೊಂಡು, ತಮಗೇ ಗೊತ್ತಿಲ್ಲದಂತೆ ಬೆರಳುಗಳನ್ನು ಉಟ್ಟ ಬಟ್ಟೆಗೆ ಒರೆಸಿಕೊಂಡರು. ಧ್ವನಿ ಮೆತ್ತಗಾಯಿತು.

"ಅಯ್ಯೋ, ನಂಗೆ ಗೊತ್ತೇ ಇರ್ಲಿಲ್ಲ. ನೋಡಮ್ಮ, ನಂಗೇನೂ ಇಲ್ಲ. ಆದ್ರೆ ಮದುವೆ ಬಟ್ಟೆ, ಜನ ಒಂದೊಂದು ಥರ ಇರ್ತಾರೆ. ನಾಳೆಯಿಂದ ನೀನು ಕೆಳಗೆ ಗೋದಾಮಲ್ಲಿ ಕೆಲಸ ಮಾಡು. ಗಿರಾಕಿಗಳ ಮುಂದೆ ಬರೋದು ಬೇಡ."

ಪ್ಯಾಕಿಂಗಿನವಳ ಅಳು ಅಷ್ಟರಲ್ಲೇ ನಿಂತಿತ್ತು. ಅವಳು ತಂಗಿಯ ಕತ್ತನ್ನೇ ನೋಡುತ್ತಿದ್ದಳು.

ಎಲ್ಲರೂ ಹೋದ ಮೇಲೆ ಅಕ್ಕ ಮತ್ತೆ ಕೆಲಸಕ್ಕೆ ಕೂತಳು, ಬೇರೆ ಏನು ಮಾಡಬೇಕೋ ತಿಳಿಯದೆ. ಪೌಡರು, ಬ್ರಶ್ಶು, ದ್ರವ, ತಟ್ಟು. ಮತ್ತೆ ಪೌಡರು. ಎರಡೂವರೆಗೆ ಕಂದು ಸಂಪೂರ್ಣ ಹೋಯಿತು. ತಣ್ಣೀರು ಅದ್ದಿದ ಬಟ್ಟೆಯಿಂದ ದ್ರವವನ್ನು ತೆಗೆದು, ನೀರಿನ ಗೆರೆ ನಿಲ್ಲದಂತೆ ಅಂಚುಗಳನ್ನು ಹೊರಗೆ ಹೊರಗೆ ತಟ್ಟಿ ತೆಳುವಾಗಿಸಿ, ಫ್ಯಾನಿನ ಕೆಳಗೆ ಹರಡಿದಳು. ನಾಲ್ಕಕ್ಕೆ ಬಂದ ಮದುಮಗಳು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ನಿನ್ನೆಗಿಂತ ಚೆನ್ನಾಗಿದೆ ಎಂದಳಂತೆ. ಅಕ್ಕನ ಹದಿನೆಂಟು ವರ್ಷದ ಕೆಲಸದಲ್ಲಿ ಅಷ್ಟು ಗಟ್ಟಿ ಕಲೆ ಅಷ್ಟು ಚೊಕ್ಕವಾಗಿ ಎಂದೂ ಹೋಗಿರಲಿಲ್ಲ.

ಸಂಜೆ ಮನೆಯಲ್ಲಿ ತಂಗಿ ಮುಖ ತೊಳೆದು ಬಂದು ಎದುರಿಗೆ ನಿಂತಳು.

"ನಂದು ಅಂತ ಹೇಳಿದ್ದಕ್ಕೆ ನಂಗೆ ಸಿಟ್ಟಿಲ್ಲ. ನಾನೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ತಪ್ಪು ನಂದು. ಮಚ್ಚೆ ಯಾಕೆ ಹೇಳ್ದೆ?"

"ನಿನ್ನ ಕೆಲಸ ಉಳೀಲಿ ಅಂತ."

"ಮೇಕಪ್ ತಾಗಿದ್ದಕ್ಕೆ ಕೆಲಸ ಹೋಗಿದ್ರೆ ಹೋಗ್ತಿತ್ತು. ಬೇರೆ ಅಂಗಡಿ ಇರ್ಲಿಲ್ವಾ? ಪಾಪ ಅಂದೆಯಲ್ಲ ಅಕ್ಕ. ಅವರಿಬ್ಬರ ಮುಂದೆ ನನ್ನ ಪಾಪ ಅಂದೆ."

ಅಕ್ಕ ತಟ್ಟೆ ಇಟ್ಟಳು. ಊಟ ಮಾಡು ಎಂದಳು. ತಂಗಿ ಮಾಡಲಿಲ್ಲ.

ಗೋದಾಮಿನಲ್ಲಿ ತಂಗಿ ಒಂಬತ್ತು ದಿನ ಇದ್ದಳು. ವಿಷಯವನ್ನು ಅಂಗಡಿಯ ತುಂಬ ಹಬ್ಬಿಸಿದ್ದು ಪ್ಯಾಕಿಂಗಿನವಳೇ. ಯಾರ ಬಾಯಿಂದ ತನ್ನ ಕೆಲಸ ಉಳಿಯಿತೆಂದು ಅವಳಿಗೆ ನೆನಪಿತ್ತೋ ಇಲ್ಲವೋ, ಕುಡಿಯುವ ನೀರಿನ ಲೋಟವನ್ನು ಬೇರೆ ಇಡಿ ಎಂದು ಮೊದಲು ಹೇಳಿದವಳೂ ಅವಳೇ. ಹತ್ತನೆಯ ದಿನ ತಂಗಿ ಬಟ್ಟೆ ಕಟ್ಟಿಕೊಂಡು, ಕೆಲಸಕ್ಕೆ ಹೋಗುವ ಹೆಂಗಸರ ಹಾಸ್ಟೆಲ್ಲಿಗೆ ಹೊರಟುಹೋದಳು. ಫೋನು ಮಾಡಿದರೆ ಎತ್ತುತ್ತಿರಲಿಲ್ಲ.

ಐದು ತಿಂಗಳ ನಂತರ, ಊರಿನ ಇನ್ನೊಂದು ತುದಿಯ ಒಂದು ಔಷಧಿ ಅಂಗಡಿಯಲ್ಲಿ ಅವಳಿದ್ದಾಳೆಂದು ಯಾರೋ ಹೇಳಿದರು. ಅಕ್ಕ ರಜಾ ಹಾಕಿ ಎರಡು ಬಸ್ಸು ಬದಲಿಸಿ ಹೋದಳು. ಗಾಜಿನ ಕಟ್ಟೆಯ ಹಿಂದೆ ತಂಗಿ ನಿಂತಿದ್ದಳು. ಮುಖಕ್ಕೆ ಏನೂ ಹಚ್ಚಿರಲಿಲ್ಲ. ಮಚ್ಚೆ ಈಗ ಕೆನ್ನೆಗೂ ಏರಿತ್ತು, ಕೂದಲನ್ನು ಹಿಂದಕ್ಕೆ ಎತ್ತಿ ಕಟ್ಟಿದ್ದರಿಂದ ಎಲ್ಲ ಎದ್ದು ಕಾಣುತ್ತಿತ್ತು. ಮುದುಕರೊಬ್ಬರಿಗೆ ಯಾವ ಮಾತ್ರೆ ಯಾವಾಗ ಎಂದು ನಿಧಾನವಾಗಿ ಬಿಡಿಸಿ ಹೇಳುತ್ತಿದ್ದಳು. ಅದೇ ಹಳೆಯ ಮಾತುಗಾರಿಕೆ.

ಮುದುಕರು ಹೋದರು. ಅಕ್ಕ ಮುಂದೆ ಬಂದಳು. ತಂಗಿ ಅವಳನ್ನು ನೋಡಿದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಏನು ಬೇಕು ಹೇಳಿ ಮೇಡಂ."

"ಪುಟ್ಟಿ..."

"ಹಿಂದೆ ಜನ ಕಾಯ್ತಿದ್ದಾರೆ."

ಅಕ್ಕ ತಿರುಗಿ ನೋಡಿದಳು. ನಿಜವಾಗಿಯೂ ಇಬ್ಬರು ಕಾಯುತ್ತಿದ್ದರು.

"ತಲೆನೋವಿಗೆ ಏನಾದ್ರೂ ಕೊಡಮ್ಮ" ಎಂದಳು.

"ಹತ್ತು ಸಾಕಾ?"

"ಸಾಕು."

ತಂಗಿ ಮಾತ್ರೆಯ ಪಟ್ಟಿಯನ್ನು ಕಾಗದದ ಚೀಲಕ್ಕೆ ಹಾಕಿ, ಬೆರಳು ತಾಗದಂತೆ ಕಟ್ಟೆಯ ಮೇಲಿಟ್ಟು, ಹಿಂದಿನವರ ಚೀಟಿಗೆ ಕೈ ಚಾಚಿದಳು.