ಬಲಗಡೆಯ ಗುಂಡಿಗೆ

ಗುರುಬಾಯಿಯ ಅರ್ಜಿಯನ್ನು ತಿರಸ್ಕರಿಸಿದ ದಿನ ಡಾಕ್ಟರ್ ಪಂಚಶೀಲಾಳಿಗೆ ತನ್ನ ಕೆಲಸದ ಬಗ್ಗೆ ಒಂದಿಷ್ಟು ಹೆಮ್ಮೆಯೇ ಆಗಿತ್ತು. ಆಯುರ್ವೇದದ ಬಿಎಎಂಎಸ್ ಮುಗಿಸಿ ನಾಲ್ಕು ವರ್ಷದಿಂದ ಅವಳು ಕಲಬುರಗಿಯ ಒಂದು ಕಚೇರಿಯಲ್ಲಿ ಆರೋಗ್ಯ ಯೋಜನೆಯ ಅರ್ಜಿಗಳನ್ನು ಪರಿಶೀಲಿಸುತ್ತಿದ್ದಳು. ಆಳಂದ, ಅಫಜಲಪುರ, ಜೇವರ್ಗಿ ಮೂರು ತಾಲ್ಲೂಕು ಅವಳ ಪಾಲಿಗೆ. ಆಸ್ಪತ್ರೆಗಳು ರೋಗಿಯ ಕಾಗದಪತ್ರ, ಎಕ್ಸ್‌ರೇ ಚಿತ್ರ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸುತ್ತಿದ್ದವು. ನೋಡಿ ಒಪ್ಪುವುದು, ಇಲ್ಲವೇ ತಳ್ಳುವುದು ಇವಳ ಕೆಲಸ. ದಿನಕ್ಕೆ ಎಂಬತ್ತು ಅರ್ಜಿ, ಒಂದಕ್ಕೆ ಸಿಗುವುದು ಐದು ನಿಮಿಷ.

ಆ ದಿನ ಅಫಜಲಪುರದ ಒಂದು ಖಾಸಗಿ ಆಸ್ಪತ್ರೆಯಿಂದ ಎರಡು ನ್ಯುಮೋನಿಯಾ ಅರ್ಜಿ ಬಂದಿದ್ದವು. ಒಂದು ಖಜೂರಿಯ ಭೀಮಶಾ ಎಂಬ ಅರವತ್ತು ವರ್ಷದ ಹಮಾಲನದು. ಇನ್ನೊಂದು ಕೊಳಕೂರಿನ ಗುರುಬಾಯಿಯದು, ವಯಸ್ಸು ಐವತ್ತೆರಡು. ಭೀಮಶಾನ ಎದೆಯ ಚಿತ್ರದಲ್ಲಿ ಹೃದಯ ಎಡಕ್ಕೆ, ಬಲ ಶ್ವಾಸಕೋಶದ ಬುಡದಲ್ಲಿ ನೀರು ತುಂಬಿದ ಬಿಳುಪು. ಗುರುಬಾಯಿಯ ಚಿತ್ರದಲ್ಲಿ ಎಲ್ಲವೂ ಉಲ್ಟಾ: ಹೃದಯ ಬಲಕ್ಕೆ, ನೀರು ಎಡಕ್ಕೆ. ಎರಡರಲ್ಲೂ ಆರನೆಯ ಪಕ್ಕೆಲುಬಿನ ಮೇಲೆ ಹಳೆಯ ಮುರಿತ ಕೂಡಿಕೊಂಡ ಗಂಟೊಂದು ಕಾಣುತ್ತಿತ್ತು. ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. ಪಂಚಶೀಲಾ ಒಂದು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಇನ್ನೊಂದರ ಮೇಲೆ ಇಟ್ಟಳು. ಪಕ್ಕೆಲುಬಿಗೆ ಪಕ್ಕೆಲುಬು, ಗಂಟಿಗೆ ಗಂಟು ಕೂಡಿಕೊಂಡವು. ಎರಡಲ್ಲ, ಒಂದೇ ಚಿತ್ರ.

ಎಕ್ಸ್‌ರೇ ತೆಗೆಯುವಾಗ ಬಲ ಯಾವುದು, ಎಡ ಯಾವುದು ಎಂದು ತಿಳಿಯಲು ಮೂಲೆಯಲ್ಲಿ ಆರ್ ಅಥವಾ ಎಲ್ ಅಕ್ಷರದ ಸೀಸದ ಗುರುತು ಇಡುತ್ತಾರೆ. ಎರಡೂ ಚಿತ್ರಗಳ ಅಂಚು ಕತ್ತರಿಸಿದ್ದರಿಂದ ಗುರುತು ಇರಲಿಲ್ಲ. ಹೃದಯ ಎಡಕ್ಕಿರುವುದು ನಿಜವಾದದ್ದು, ಬಲಕ್ಕಿರುವುದು ತಿರುವಿದ್ದು ಎಂದು ಅವಳು ತೀರ್ಮಾನಿಸಿದಳು. ಭೀಮಶಾನದು ಮಂಜೂರಾಯಿತು. ಗುರುಬಾಯಿಯ ಅರ್ಜಿಯ ಮೇಲೆ 'ಬೇರೆ ರೋಗಿಯ ಚಿತ್ರ ತಿರುವಿ ಸಲ್ಲಿಸಲಾಗಿದೆ, ವಂಚನೆ' ಎಂದು ಬರೆದಳು. ಮೇಲಧಿಕಾರಿ ಜಗದೇವ, "ಕಣ್ಣು ಭಾಳ ಚುರುಕು ಅದವ್ ನಿಮ್ಮವು" ಎಂದಿದ್ದರು.

ಐದು ವಾರ ಕಳೆದ ಮೇಲೆ ಕಚೇರಿಗೆ ಫೋನು ಬಂತು. ಗುರುಬಾಯಿಯ ಮಗ ಅನೀಲಕುಮಾರ.

"ಮೇಡಮ್ಮಾರ, ನಮ್ಮವ್ವಗ ಮತ್ತ ದಮ್ಮು ಹತ್ಯಾದ್ರಿ. ಕಲಬುರಗಿ ಪ್ರೈವೇಟ್ ದವಾಖಾನಿಗಿ ಒಯ್ದ್ರ ಆರೋಗ್ಯ ಯೋಜನಿ ಕಾರ್ಡ್ ಬಂದ್ ಅದ ಅಂತಾರ. ವಂಚನಿ ಮಾಡೀರಿ ಅಂತ ಕಂಪ್ಯೂಟರ್‌ದಾಗ ಬಂದದಂತ. ನಾವೇನ್ ವಂಚನಿ ಮಾಡೇವ್ರಿ? ಎಂಟು ದಿನ ಮಲಗಿದ್ದಳ್ರಿ ಅಫಜಲಪುರದಾಗ. ಸೂಜಿ ಹಾಕಿ ನೀರು ತಗದಾರ."

"ಎದಿ ಫೋಟೋ ತಗದಿದ್ರೇನ್ರಿ?"

"ತಗದಾರ್ರಿ. ಫಿಲಮ್ ನಮ್ಮ ಮನ್ಯಾಗೇ ಅದ."

ಫೋನು ಇಟ್ಟ ಮೇಲೆ ಪಂಚಶೀಲಾ ಎರಡೂ ಅರ್ಜಿಗಳನ್ನು ಮತ್ತೆ ತೆರೆದಳು. ಈ ಸಲ ಐದು ನಿಮಿಷದ ಲೆಕ್ಕ ಇಡಲಿಲ್ಲ. ಹಮಾಲ ಭೀಮಶಾನ ಚಿತ್ರದ ಎರಡೂ ಬದಿಯನ್ನು ಯಾರೋ ಒಳಕ್ಕೆ ಕತ್ತರಿಸಿದ್ದರು. ಆದರೂ ಶ್ವಾಸಕೋಶದ ಕೆಳಭಾಗದಲ್ಲಿ ತೆಳ್ಳಗೆ ಎರಡು ಬಾಗಿದ ನೆರಳು ಉಳಿದಿದ್ದವು. ಹೆಂಗಸಿನ ಸ್ತನದ ನೆರಳು. ಅಂದು ಬರೀ ಪಕ್ಕೆಲುಬು ಎಣಿಸುತ್ತ ಕುಳಿತವಳಿಗೆ ಅದು ಕಂಡೇ ಇರಲಿಲ್ಲ. ಗಂಡಸರಿಗೂ ಒಮ್ಮೊಮ್ಮೆ ಹಾಗೆ ಇರುತ್ತದೆ ಎಂದು ಸಮಾಧಾನ ಹೇಳಿಕೊಳ್ಳಲು ನೋಡಿದಳು. ಆಗಲಿಲ್ಲ.

ಅರ್ಜಿಯಲ್ಲಿದ್ದ ನಂಬರಿಗೆ ಫೋನು ಮಾಡಿದರೆ ಭೀಮಶಾನೇ ಎತ್ತಿದ. ಹಿಂದೆ ಲಾರಿಗಳ ಸದ್ದು.

"ಜ್ವರ ಬಂದಿತ್ರಿ. ಸಲೈನ್ ಹಚ್ಚಿ ಸಂಜಿಗಿ ಮನಿಗಿ ಕಳಸ್ಯಾರ. ಎದಿ ಫೋಟೋ? ಇಲ್ಲಬಿಡ್ರಿ, ಅದೇನೂ ತಗದಿಲ್ಲ. ಕಾರ್ಡ್ ಇಸಗೊಂಡು ಬೆರಳು ಒತ್ತಿಸಗೊಂಡಾರ ನೋಡ್ರಿ."

ಮರುದಿನ ಬೆಳಿಗ್ಗೆ ಅವಳು ಜೇವರ್ಗಿ ಬಸ್ಸು ಹತ್ತಿ, ಅಲ್ಲಿಂದ ಟಂಟಂ ಆಟೋದಲ್ಲಿ ಕೊಳಕೂರಿಗೆ ಹೋದಳು. ಗುರುಬಾಯಿ ಪಡಸಾಲೆಯ ಗೋಡೆಗೆ ದಿಂಬು ಒತ್ತಿಕೊಂಡು ಕುಳಿತಿದ್ದಳು. ಕೊರಳಲ್ಲಿ ಲಿಂಗದ ಕರಡಿಗೆ. ಎರಡು ಮಾತಾಡಿದರೆ ಒಂದು ಸಲ ಉಸಿರು ಹಿಡಿಯಬೇಕಾಗುತ್ತಿತ್ತು. ಪಕ್ಕದಲ್ಲಿ ಮಗ ಅನೀಲಕುಮಾರ ಕುಳಿತಿದ್ದ. ಸೊಸೆ ಐಶ್ವರ್ಯಾ ನೀರು ಕೊಟ್ಟು, ಕಪಾಟಿನ ಮೇಲಿಂದ ದೊಡ್ಡ ಲಕೋಟೆ ಇಳಿಸಿದಳು.

ಪಂಚಶೀಲಾ ಫಿಲ್ಮನ್ನು ಬಾಗಿಲ ಬೆಳಕಿಗೆ ಹಿಡಿದಳು. ಫಿಲ್ಮು ಪಾರದರ್ಶಕ. ಯಾವ ಕಡೆಯಿಂದ ಬೇಕಾದರೂ ನೋಡಬಹುದು. ಹೃದಯ ಎಡಕ್ಕೆ ಬರುವಂತೆ ಹಿಡಿದಾಗ ಗುರುಬಾಯಿಯ ಹೆಸರು, ತಾರೀಖು, ಮೂಲೆಯ ಆರ್ ಅಕ್ಷರ, ಎಲ್ಲ ತಿರುವುಮುರುವಾಗಿ ಕಂಡವು. ಅಕ್ಷರ ಸರಿಯಾಗಿ ಓದುವಂತೆ ತಿರುಗಿಸಿದಳು. ಆರ್ ಗುರುತು ಬಲ ಹೆಗಲಿನ ಮೇಲೆ, ಅದೇ ಬದಿಗೆ ಹೃದಯದ ತುದಿ. ಎಡಗಡೆ ನೀರು ಹೆಚ್ಚಾದರೆ ಅದು ಹೃದಯವನ್ನು ಬಲಕ್ಕೆ ತಳ್ಳಬಹುದು, ನಿಜ. ಆದರೆ ಇಲ್ಲಿ ನೀರು ಅಷ್ಟಿರಲಿಲ್ಲ. ಅದಲ್ಲದೆ ಎಡಗಡೆ ಇರಬೇಕಾದ ಜಠರದ ಗಾಳಿಗುಳ್ಳೆಯೂ ಎದೆ-ಹೊಟ್ಟೆ ನಡುವಿನ ಪರೆಯಾದ ವಪೆಯ ಕೆಳಗೆ, ಬಲಕ್ಕೇ ಕುಳಿತಿತ್ತು. ಜಠರವನ್ನು ನೀರು ಆ ಬದಿಗೆ ತಳ್ಳುವುದಿಲ್ಲ. ಉಳಿದದ್ದು ಒಂದೇ ಅನುಮಾನ: ತೆಗೆದವನೇ ಗುರುತನ್ನು ತಪ್ಪು ಬದಿಗೆ ಇಟ್ಟಿದ್ದರೆ?

"ಅವ್ವಾರ, ನಿಮಗೆಂದರ ಪಕ್ಕೆಲುಬು ಮುರದಿತ್ತೇನ್ರಿ?"

"ಹೌದ್ರೆವ್ವ. ಅನೀಲ ಸಣ್ಣಾಂವ ಇದ್ದಾಗ ಬಂಡಿಮ್ಯಾಲಿಂದ ಬಿದ್ದಿದ್ದೆ." ಗುರುಬಾಯಿ ತನ್ನ ಬಲಗಡೆಯ ಪಕ್ಕೆ ಮುಟ್ಟಿ ತೋರಿಸಿದಳು. "ಇಲ್ಲಿ. ಥಂಡಿ ಬಿದ್ರ ಇನ್ನೂ ನೋಯ್ತದ."

ಪಂಚಶೀಲಾ ಸ್ಟೆತಾಸ್ಕೋಪನ್ನು ಎಡಗಡೆ ಇಟ್ಟಳು. ಹೃದಯದ ಬಡಿತ ದೂರದಲ್ಲೆಲ್ಲೋ ಕೇಳಿತು. ಬಲಗಡೆ ಇಟ್ಟಳು. ಕಿವಿಯ ಬುಡದಲ್ಲೇ ಡಬ್ ಡಬ್ ಎಂದಿತು. ಅಂಗೈ ಇಟ್ಟರೆ ಬಡಿತ ಕೈಗೇ ತಾಗುತ್ತಿತ್ತು. ಲಕ್ಷದಲ್ಲೊಬ್ಬರಲ್ಲ, ಹತ್ತು ಸಾವಿರಕ್ಕೊಬ್ಬರೋ ಏನೋ ಹೀಗೆ ಹುಟ್ಟುತ್ತಾರೆ, ಒಳಗಿನದೆಲ್ಲ ಕನ್ನಡಿಯಲ್ಲಿ ಕಂಡಂತೆ. ಅವಳು ಪುಸ್ತಕದಲ್ಲಿ ಓದಿದ್ದಳೇ ಹೊರತು ಕೈಯಿಂದ ಮುಟ್ಟಿರಲಿಲ್ಲ.

"ಅವ್ವಾರ, ನಿಮ್ಮ ಗುಂಡಿಗಿ ಬಲಕ್ಕ ಅದ್ರಿ."

ಗುರುಬಾಯಿ ಮಗನ ಮುಖ ನೋಡಿದಳು. "ಐವತ್ತು ವರ್ಷದಿಂದ ಹಾಂಗೇ ಅದೇನ್? ಯಾರೂ ಹೇಳಿಲ್ಲಲ್ಲ. ಅದಕ್ಕ ಕಾರ್ಡ್ ಬಂದ್ ಮಾಡ್ಯಾರೇನ್?"

ಪಂಚಶೀಲಾ ಫಿಲ್ಮನ್ನು ಲಕೋಟೆಗೆ ಹಾಕಿದಳು. ಆಮೇಲೆ, "ಬಂದ್ ಮಾಡಿದಾಕಿ ನಾನೇ ರಿ. ನಿಮ್ಮ ಫೋಟೋ ಖೊಟ್ಟಿ, ಸುಳ್ಳು ಅಂತ ಬರದೆ. ನಂದು ತಪ್ಪಾಗ್ಯಾದ" ಎಂದಳು. ಅನೀಲಕುಮಾರ ಎದ್ದು ನಿಂತ. "ತಪ್ಪಾಗ್ಯಾದ ಅಂದ್ರ ನಮ್ಮವ್ವಗ ಉಸುರು ಬರ್ತದೇನ್ರಿ?" ಎಂದ. ಐಶ್ವರ್ಯಾ ಅವನ ತೋಳು ಹಿಡಿದಳು.

ಕೊಳಕೂರಿನಿಂದ ಅಫಜಲಪುರ ತಲುಪುವಷ್ಟರಲ್ಲಿ ಮಧ್ಯಾಹ್ನ ಮೂರು. ಆಸ್ಪತ್ರೆಯ ಕಾಗದಪತ್ರ ನೋಡಿಕೊಳ್ಳುವ ಮಲ್ಕಪ್ಪ ಅವಳ ಗುರುತಿನ ಚೀಟಿ ನೋಡಿದ್ದೇ ಚಹಾ ತರಿಸಲು ಹೊರಟ. ಚಹಾ ಬೇಡ, ಎಕ್ಸ್‌ರೇ ಯಂತ್ರದ ಕಂಪ್ಯೂಟರ್ ತೋರಿಸಿ ಎಂದಳು. ಆ ವಾರದ ಪಟ್ಟಿಯಲ್ಲಿ ಗುರುಬಾಯಿಯ ಚಿತ್ರ ಇತ್ತು, ಅಂಚು ಕತ್ತರಿಸದೆ, ಆರ್ ಗುರುತಿನ ಸಮೇತ. ಭೀಮಶಾನ ಹೆಸರೇ ಇರಲಿಲ್ಲ.

"ಇಲ್ಲದ ಫೋಟೋ ಹ್ಯಾಂಗ ಏರಿಸಿದ್ರಿ ಮಲ್ಕಪ್ಪನವರ?"

ಮಲ್ಕಪ್ಪ ಬಾಗಿಲು ಮುಚ್ಚಿ ಬಂದ. "ನಿಮ್ಮ ನ್ಯುಮೋನಿಯಾ ಪ್ಯಾಕೇಜ್‌ಗ ಫೋಟೋ ಬೇಕೇ ಬೇಕು ಅಂತೀರಿ ಮೇಡಮ್ಮಾರ. ಡಾಕ್ಟರ್ ಸಾಹೇಬ್ರು ಒಂದು ಹಚ್ಚು ಅಂದ್ರು. ಆ ವಾರ ನೀರು ತುಂಬಿದ್ದು ಗುರುಬಾಯಿದೊಂದೇ ಇತ್ತು. ಹಾಂಗೇ ಹಾಕಿದ್ರ ಗುಂಡಿಗಿ ಬಲಕ್ಕ ಕಾಣ್ತದ, ನೀವು ಹಿಡೀತೀರಿ ಅಂತ ತಿರುವಿ ಹಾಕ್ದೆ."

"ಮತ್ತ ಆಕಿದರ ಅಂಚು ಯಾಕ ಕತ್ತರಿಸಿದ್ರಿ?"

"ಎರಡೂ ಒಂದೇ ಫೈಲ್‌ನಿಂದ ಕತ್ತರಿಸೀನ್ರಿ. ಆಕಿದು ಪೂರಾ ಹಾಕಿದ್ರ ಅಕ್ಷರ ಕಾಣ್ತಾವ, ಪಕ್ಕಕ್ಕ ಪಕ್ಕ ಇಟ್ಟು ನೋಡಿದ್ರ ಗೊತ್ತಾಗ್ತದ ಅಂತ." ಅವನು ತಲೆ ತಗ್ಗಿಸಿದ. "ಆಕಿದು ನೀವು ತಳ್ತೀರಿ ಅಂತ ನನಗೇನ್ ಗೊತ್ರಿ. ಭೀಮಶಾಂದು ಹಿಡೀತೀರಿ ಅಂತ ನಾ ಹೆದರಿದ್ದೆ."

ಈ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಅವಳು ಪರದೆಯ ಫೋಟೋ ತೆಗೆದುಕೊಂಡು, ಮಲ್ಕಪ್ಪನ ಹೇಳಿಕೆ ಬರೆಸಿ ಸಹಿ ಹಾಕಿಸಲು ನೋಡಿದಳು. ಸಹಿ ಮಾಡಲಿಲ್ಲ. ಸಾಹೇಬರನ್ನು ಕೇಳಬೇಕು ಎಂದ. ಸಾಹೇಬರು ಸೊಲ್ಲಾಪುರಕ್ಕೆ ಹೋಗಿದ್ದರು.

ಜಗದೇವ ಅವಳ ವರದಿಯನ್ನು ಎರಡು ಸಲ ಓದಿದರು. "ಖರೇ ಅದ. ಆದ್ರ ಮುಚ್ಚಿದ ಅರ್ಜಿ ನಾವು ತೆರೀಲಿಕ್ಕ ಬರಂಗಿಲ್ಲ. ಆಸ್ಪತ್ರಿಯವರು ಮೇಲ್ಮನವಿ ಹಾಕಬೇಕು."

"ಅವರು ಹ್ಯಾಂಗ ಹಾಕ್ತಾರ ಸರ್? ಹಾಕಿದ್ರ ಭೀಮಶಾಂದು ಖೊಟ್ಟಿ ಅಂತ ಅವರೇ ಒಪ್ಪಿದಂಗಾಗ್ತದ."

"ಅದೇ ತೊಂದರಿ."

"ತೊಂದರಿ ಅವರದಲ್ಲ ಸರ್, ಆ ಹೆಣ್ಮಗಳದು. ರೋಗಿ ತಾನೇ ಅರ್ಜಿ ಹಾಕೋ ದಾರಿ ಇಲ್ಲೇನು?"

"ಇಲ್ಲ. ರೋಗಿ ಎಲ್ಲೂ ಬರಂಗಿಲ್ಲ ಇದರಾಗ."

ಅವಳು ಬೆಂಗಳೂರಿನ ಸಹಾಯವಾಣಿಗೆ ಫೋನು ಹಚ್ಚಿದಳು. ದೂರು ಸಂಖ್ಯೆ ಕೊಟ್ಟರು. ಎರಡು ದಿನ ಬಿಟ್ಟು, 'ಸಂಬಂಧಿಸಿದ ಪರಿಶೀಲಕರಿಗೆ ಕಳುಹಿಸಲಾಗಿದೆ' ಎಂಬ ಉತ್ತರ ಬಂತು. ಸಂಬಂಧಿಸಿದ ಪರಿಶೀಲಕಿ ಅವಳೇ. ತನ್ನ ದೂರು ತನ್ನ ಪರದೆಗೇ ಬಂದು ಕುಳಿತಿತ್ತು. ತೆರೆದು ನೋಡಿದರೆ ಮಾಡಬಹುದಾದದ್ದು ಎರಡೇ: 'ತಿರಸ್ಕಾರ ಸರಿಯಿದೆ' ಅಥವಾ 'ಆಸ್ಪತ್ರೆಯಿಂದ ವಿವರಣೆ ಕೇಳಿ'. ಮೂರನೆಯ ಗುಂಡಿ ಇರಲಿಲ್ಲ. ಅವಳು ಮೇಜಿಗೆ ಅಂಗೈ ಬಡಿದಾಗ ಪಕ್ಕದ ಸಾಲಿನವರೆಲ್ಲ ತಿರುಗಿ ನೋಡಿದರು.

ಕಾರ್ಡಿನ ದಾರಿ ಕಾಯುತ್ತ ಕೂತರೆ ಗುರುಬಾಯಿಯ ಉಸಿರು ಕಾಯುವುದಿಲ್ಲ. ಅವಳು ಅನೀಲಕುಮಾರನಿಗೆ ಫೋನು ಮಾಡಿ, ಸರ್ಕಾರಿ ಜಿಲ್ಲಾ ಆಸ್ಪತ್ರೆಗೆ ಕರೆತರಲು ಹೇಳಿದಳು. ಅಲ್ಲಿ ಕಾರ್ಡಿಲ್ಲದೆಯೂ ದಾಖಲು ಮಾಡಿಕೊಳ್ಳುತ್ತಾರೆ, ಹಾಸಿಗೆಗೆ ಕಾಯಬೇಕಾಗಬಹುದು ಅಷ್ಟೇ. ಕಾಯಬೇಕಾಯಿತು ಕೂಡ. ಸಂಜೆಯ ಹೊತ್ತಿಗೆ ವಾರ್ಡಿನ ಯುವ ವೈದ್ಯ ಲಕೋಟೆಯಿಂದ ಫಿಲ್ಮ್ ತೆಗೆದು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದ. ಹೃದಯ ಬಲಕ್ಕೆ ಕಂಡಿತು. ರೂಢಿಯಂತೆ ಕೈ ತಾನೇ ಮುಂದೆ ಬಂದು ಫಿಲ್ಮನ್ನು ತಿರುವಿ ಹಾಕಿತು. ಈಗ ಹೃದಯ ಎಡಕ್ಕೆ, ನೀರು ಬಲಕ್ಕೆ.

"ಡಾಕ್ಟರ್, ಅಕ್ಷರ ಓದ್ರಿ" ಎಂದಳು ಪಂಚಶೀಲಾ. ಕಚೇರಿ ಮುಗಿಸಿ ನೇರ ವಾರ್ಡಿಗೇ ಬಂದಿದ್ದಳು.

ಅವನು ಕುತ್ತಿಗೆ ಮುಂದೆ ಚಾಚಿ ನೋಡಿದ. ಉಲ್ಟಾ ಆರ್. ಫಿಲ್ಮನ್ನು ಮತ್ತೆ ತಿರುಗಿಸಿದ. ಗುರುಬಾಯಿಯ ಬೆನ್ನನ್ನು ಬೆರಳಿನಿಂದ ತಟ್ಟಿ ನೋಡಿದ, ಸ್ಕ್ಯಾನ್ ಮಾಡಿಸಿದ. ನೀರು ಎಡಕ್ಕೇ ಇತ್ತು. ಎಡಕ್ಕೇ ಸೂಜಿ ಹಾಕಿ ಹೊಂಬಣ್ಣದ ನೀರು ತೆಗೆದರು. ಪರೀಕ್ಷೆಯಲ್ಲಿ ಕ್ಷಯ ಎಂದು ಬಂತು. ಔಷಧಿ ಶುರುವಾಯಿತು. ಹತ್ತನೆಯ ದಿನ ಗುರುಬಾಯಿ ನಿಲ್ಲದೆ ಒಂದು ಪೂರ್ತಿ ವಾಕ್ಯ ಮಾತಾಡಿದಳು: "ಮುಂಚೇನೇ ಗುರುತು ಹಿಡದಿದ್ರ ಇಷ್ಟೆಲ್ಲಾ ತ್ರಾಸ ಇರತಿದ್ದಿಲ್ಲ ನೋಡವ್ವ." ಬೈಯುವ ದನಿಯಲ್ಲ. ಅದಕ್ಕೇ ಪಂಚಶೀಲಾಳಿಗೆ ತಲೆ ಎತ್ತಲು ಆಗಲಿಲ್ಲ.

ಪಂಚಶೀಲಾಳ ವರದಿ ಬೆಂಗಳೂರಿಗೆ ಹೋದ ಮೇಲೆ ಅಲ್ಲಿಂದಲೇ ಭೀಮಶಾನ ಮಂಜೂರಾತಿ ರದ್ದಾಯಿತು, ಅಫಜಲಪುರದ ಆಸ್ಪತ್ರೆಗೆ ಕಾರಣ ಕೇಳುವ ನೋಟಿಸು ಹೋಯಿತು. ಆಸ್ಪತ್ರೆ 'ಗುಮಾಸ್ತನ ಕಣ್ತಪ್ಪು' ಎಂದು ಉತ್ತರ ಬರೆದು, ಮಲ್ಕಪ್ಪನನ್ನು ತೆಗೆದು, ಅರ್ಜಿ ಕಳಿಸುವುದನ್ನು ಮುಂದುವರಿಸಿತು. ಗುರುಬಾಯಿಯ ಕಾರ್ಡು ತೆರೆದದ್ದು ಇನ್ನೂ ನಲವತ್ತೊಂದು ದಿನ ಕಳೆದ ಮೇಲೆ. ಪಂಚಶೀಲಾ ತನ್ನದೇ ತಪ್ಪೆಂದು ಮೂರು ಸಲ ಬರೆದುಕೊಟ್ಟ ಮೇಲೆ. ಕಾರ್ಡು ತೆರೆದ ಸಂದೇಶವೂ ಕೊಳಕೂರಿಗೆ ಹೋಗಲಿಲ್ಲ. ದಾಖಲೆಯಲ್ಲಿ ಮಲ್ಕಪ್ಪ ರೋಗಿಯ ನಂಬರಿನ ಜಾಗದಲ್ಲಿ ಆಸ್ಪತ್ರೆಯ ನಂಬರನ್ನೇ ಹಾಕಿಟ್ಟಿದ್ದ.

ಅವಳೇ ಫೋನು ಮಾಡಿ ತಿಳಿಸಿದಳು. ಅನೀಲಕುಮಾರ, "ಹೂಂ" ಎಂದು ಇಟ್ಟುಬಿಟ್ಟ. ಪರದೆಯ ಮೇಲೆ ಆ ದಿನದ ಎಂಬತ್ತು ಅರ್ಜಿ ಕಾದಿದ್ದವು. ಮೊದಲನೆಯದರಲ್ಲಿ ಎದೆಯ ಚಿತ್ರ, ಅಂಚು ಕತ್ತರಿಸಿದ್ದು. ಅವಳು 'ಕತ್ತರಿಸದ ಮೂಲ ಚಿತ್ರ ಕಳುಹಿಸಿ' ಎಂದು ಬರೆದಳು. ಎರಡನೆಯದಕ್ಕೂ ಅದನ್ನೇ ಬರೆದಳು. ಹನ್ನೊಂದು ಗಂಟೆಗೆ ಜಗದೇವ ಬಂದು, ಇವತ್ತು ಯಾಕೆ ಕೆಲಸ ಮುಂದೆ ಹೋಗುತ್ತಿಲ್ಲ ಎಂದು ಕೇಳಿದರು.